ಮಣಿ ಕಳೆದದ್ದು ಯಾರ ಕತ್ತಿ?

ಪ್ರಶ್ನೆ: ನಾನು ಸೋಮವಾರಪೇಟೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ದಿನಾ ಸಂಜೆ ಬೆಂಗಳೂರಿನಲ್ಲಿರುವ ಧಣಿಗಳಿಗೆ ನಾಲ್ಕು ಸಾಲು ವರದಿ ಬರೆದು ಕಳಿಸುತ್ತೇನೆ. ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ ನಡೆಯುತ್ತಿದ್ದಾಗ ಒಂದು ದಿನ ಹೀಗೆ ಬರೆದೆ: ‘ರಾಜು, ಮಣಿ ತನ್ನ ಕತ್ತಿ ಕಳೆದು ಹಾಕಿದ ಎಂದು ಹೇಳಿದ.’ ಕಳೆದದ್ದು ರಾಜುವಿನ ಕತ್ತಿ. ಧಣಿಗಳು ಮಣಿಯದು ಅಂದುಕೊಂಡು ಮಣಿಗೆ ಹೊಸ ಕತ್ತಿ ಕೊಡಿಸಿದರು. ರಾಜು ಎರಡು ದಿನ ಬರಿಗೈಲಿ ಕೂತ. ನನ್ನ ವಾಕ್ಯ ತಪ್ಪಾ? ‘ತಾನು’, ‘ತನ್ನ’ ಯಾರನ್ನು ತೋರಿಸುತ್ತೆ ಅನ್ನೋಕೆ ನಿಯಮ ಏನಾದ್ರೂ ಇದೆಯಾ?

ಉತ್ತರ: ವಾಕ್ಯ ತಪ್ಪಲ್ಲ. ಧಣಿಗಳು ಓದಿದ್ದೂ ತಪ್ಪಲ್ಲ. ಆ ‘ತನ್ನ’ ರಾಜುವನ್ನೂ ತೋರಿಸಬಹುದು, ಮಣಿಯನ್ನೂ ತೋರಿಸಬಹುದು. ಕನ್ನಡ ಎರಡಕ್ಕೂ ದಾರಿ ಬಿಟ್ಟಿದೆ. ಆದರೆ ದಾರಿ ಬಿಟ್ಟಿರುವುದು ಎಲ್ಲ ಕಡೆ ಅಲ್ಲ. ಎಲ್ಲಿ ಬಿಟ್ಟಿದೆ, ಎಲ್ಲಿ ಮುಚ್ಚಿದೆ ಅನ್ನುವುದು ಗೊತ್ತಾದರೆ ಇಂಥ ಸಾಲು ಬರೆಯುವಾಗ ಕೈ ತಾನಾಗಿಯೇ ಎಚ್ಚರವಾಗುತ್ತದೆ. ಅದಕ್ಕೆ ಮುಖ್ಯ ಸುಳಿವು ‘ತನ್ನ’ ಪದದಲ್ಲಿ ಇಲ್ಲ. ಅದು ‘ಎಂದು’ ಎಂಬುದಕ್ಕೆ ಮೊದಲು ಬರುವ ಕ್ರಿಯಾಪದದಲ್ಲಿ, ಅದರಲ್ಲೂ ‘ಕೊಂಡ’ ಇದೆಯೋ ಇಲ್ಲವೋ ಅನ್ನುವುದರಲ್ಲಿ ಇದೆ. ಅಲ್ಲಿಗೆ ನಿಧಾನವಾಗಿ ಬರೋಣ.

ಮೊದಲು ಒಂದೇ ಕ್ರಿಯಾಪದ ಇರುವ ಸಣ್ಣ ವಾಕ್ಯ ನೋಡಿ.

ರಾಜು ಮಣಿಗೆ ತನ್ನ ಕತ್ತಿ ಕೊಟ್ಟ.

ಕತ್ತಿ ಯಾರದು? ರಾಜುವಿನದು. ಇದರಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಈಗ ಪದಗಳನ್ನು ಅದಲುಬದಲು ಮಾಡಿ ‘ಮಣಿಗೆ ರಾಜು ತನ್ನ ಕತ್ತಿ ಕೊಟ್ಟ’ ಎನ್ನಿ. ಆಗಲೂ ರಾಜುವಿನದೇ. ‘ರಾಜು ತನ್ನ ಕತ್ತಿಯನ್ನು ಮಣಿಗೆ ಕೊಟ್ಟ’ ಎಂದರೂ ಅಷ್ಟೇ. ಮೂರರಲ್ಲೂ ಮಣಿ ಎಲ್ಲಿ ಕೂತರೂ ಕತ್ತಿ ಅವನದಾಗುವುದಿಲ್ಲ. ಅಂದರೆ ‘ತನ್ನ’ ಪಕ್ಕದಲ್ಲಿರುವ ಹೆಸರನ್ನು ಹಿಡಿಯುವುದಿಲ್ಲ, ಮೊದಲು ಬಂದ ಹೆಸರನ್ನೂ ಹಿಡಿಯುವುದಿಲ್ಲ. ಅದು ಹಿಡಿಯುವುದು ವಾಕ್ಯದ ಕರ್ತೃವನ್ನು. ಕೊಟ್ಟವನು ಯಾರೋ ಅವನನ್ನು. ಪಡೆದವನು, ಪೆಟ್ಟು ತಿಂದವನು, ಜೊತೆಗಿದ್ದವನು ಯಾರೂ ಅದಕ್ಕೆ ಬೇಡ.

ಮಣಿಯ ಕತ್ತಿಯನ್ನು ಮಣಿಗೇ ವಾಪಸ್ ಕೊಟ್ಟ ಎಂದು ಹೇಳಬೇಕಾದರೆ ಪದವನ್ನೇ ಬದಲಿಸಬೇಕು: ‘ರಾಜು ಮಣಿಗೆ ಅವನ ಕತ್ತಿ ಕೊಟ್ಟ.’ ಇಲ್ಲಿ ‘ಅವನ’ ಎಂದರೆ ಮಣಿಯದು, ಅಥವಾ ಆಗಲೇ ಮಾತಿಗೆ ಬಂದಿರುವ ಬೇರೆ ಯಾರದೋ. ಮಾತಾಡುವಾಗ ‘ಅವನು ಅವನ ಮನೆಗೆ ಹೋದ’ ಎಂದು ಸ್ವಂತ ಮನೆಗೇ ಹೇಳುವುದು ಈಗ ಜಾಸ್ತಿ ಆಗಿದೆ, ನಿಜ. ಎದುರಿಗೆ ನಿಂತು ಕೇಳುವವರಿಗೆ ಅದು ಅರ್ಥವಾಗುತ್ತದೆ. ಆದರೆ ನಿಮ್ಮ ವರದಿಯನ್ನು ಓದುವವರು ಇನ್ನೂರು ಕಿಲೋಮೀಟರಿಗೂ ದೂರದಲ್ಲಿದ್ದಾರೆ. ಬರವಣಿಗೆಯಲ್ಲಿ ‘ತನ್ನ’ ಮತ್ತು ‘ಅವನ’ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡಿರುವುದೇ ಒಳ್ಳೆಯದು. ಕೈಯಲ್ಲಿರುವ ಇಷ್ಟು ಒಳ್ಳೆಯ ಸಲಕರಣೆಯನ್ನು ಬಿಟ್ಟುಕೊಡಬಾರದು ಎಂದು ನನಗೆ ನಿಜವಾಗಿ ಅನಿಸುತ್ತದೆ.

ಕರ್ತೃ ಅಂದ ಕೂಡಲೇ ಶಾಲೆಯ ಪಾಠದ ಪ್ರಥಮಾ ವಿಭಕ್ತಿ ನೆನಪಾಗುತ್ತದೆ, ಅಲ್ವಾ? ಅದು ಇಲ್ಲಿ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಲೈನ್ ಮನೆಯ ಜಗಲಿಯಲ್ಲಿ ಕೂತ ಅಜ್ಜಿಯ ಬಗ್ಗೆ ನೀವು ಹೀಗೆ ಬರೆಯುತ್ತೀರಿ ಅಂದುಕೊಳ್ಳಿ:

ಅಜ್ಜಿಗೆ ತನ್ನ ಮೊಮ್ಮಗಳು ನೆನಪಾದಳು.

ಇಲ್ಲಿ ಪ್ರಥಮಾ ವಿಭಕ್ತಿಯಲ್ಲಿರುವುದು ಮೊಮ್ಮಗಳು. ‘ನೆನಪಾದಳು’ ಎಂಬ ಕ್ರಿಯಾಪದವೂ ಅವಳಿಗೇ ಹೊಂದಿಕೊಂಡಿದೆ. ಅಜ್ಜಿಗೆ ‘ಗೆ’ ಅಂಟಿದೆ. ಆದರೂ ‘ತನ್ನ’ ತಿರುಗುವುದು ಅಜ್ಜಿಯ ಕಡೆಗೆ. ಯಾಕೆಂದರೆ ನೆನೆಯುತ್ತಿರುವ ಮನಸ್ಸು ಅಜ್ಜಿಯದು. ಹಸಿವು, ಕೋಪ, ನೆನಪು, ಬೇಕು, ಗೊತ್ತು ಇಂಥ ಮಾತುಗಳಲ್ಲಿ ಅನುಭವ ಯಾರದೋ ಅವರಿಗೆ ಕನ್ನಡ ‘ಗೆ’ ಹಚ್ಚುತ್ತದೆ, ಆದರೆ ಕರ್ತೃವಿನ ಜಾಗವನ್ನು ಅವರಿಗೇ ಕೊಡುತ್ತದೆ. ಹಾಗಾಗಿ ಈ ಉತ್ತರದಲ್ಲಿ ನಾನು ಕರ್ತೃ ಎಂದಾಗ ಕೆಲಸ ಮಾಡಿದವರು ಅಥವಾ ಅನುಭವಿಸಿದವರು ಎಂದು ತಿಳಿದುಕೊಳ್ಳಿ.

ಇನ್ನೊಂದು ಸಣ್ಣ ಮಾತು. ‘ತಾನು’, ‘ತನ್ನ’ ಮೂರನೆಯವರಿಗೆ ಮಾತ್ರ ಇರುವ ಪದ. ‘ನಾನು ನನ್ನ ಕತ್ತಿ’, ‘ನೀನು ನಿನ್ನ ಕತ್ತಿ’ ಎನ್ನುತ್ತೇವೆ, ಅಲ್ಲಿ ‘ತನ್ನ’ ಬರುವುದಿಲ್ಲ. ಮತ್ತೆ ‘ಬರ್ತೀಯ ತಾನೆ?’ ಎಂದು ಕೇಳುವಾಗಿನ ‘ತಾನೆ’ ಯಾರನ್ನೂ ತೋರಿಸುವುದಿಲ್ಲ. ಅದು ಹೌದು ಎನ್ನಿಸಿಕೊಳ್ಳಲು ಬಾಲಕ್ಕೆ ಸೇರಿಸುವ ಮಾತು ಅಷ್ಟೇ.

ಈಗ ನಿಮ್ಮ ವಾಕ್ಯಕ್ಕೆ ಬರೋಣ. ಅದರಲ್ಲಿ ಕ್ರಿಯಾಪದ ಎರಡಿವೆ: ‘ಕಳೆದು ಹಾಕಿದ’ ಮತ್ತು ‘ಹೇಳಿದ’. ಕಳೆದು ಹಾಕಿದವನು ಮಣಿ, ಹೇಳಿದವನು ರಾಜು. ಅಂದರೆ ಒಂದು ವಾಕ್ಯದ ಹೊಟ್ಟೆಯೊಳಗೆ ಇನ್ನೊಂದು ವಾಕ್ಯ ಕೂತಿದೆ. ಹೊರಗಿನದಕ್ಕೆ ರಾಜು ಕರ್ತೃ, ಒಳಗಿನದಕ್ಕೆ ಮಣಿ ಕರ್ತೃ. ‘ತನ್ನ’ ಕರ್ತೃವನ್ನೇ ಹುಡುಕುತ್ತದೆ, ಸರಿ. ಆದರೆ ಇಲ್ಲಿ ಇಬ್ಬರು ಕರ್ತೃಗಳಿದ್ದಾರೆ. ಒಳಗಿನ ಮಣಿಯ ಹತ್ತಿರವೇ ನಿಲ್ಲಬಹುದು, ಇಲ್ಲವೇ ‘ಎಂದು’ ಎಂಬ ಬೇಲಿ ದಾಟಿ ಹೊರಗಿನ ರಾಜುವಿನ ಹತ್ತಿರ ಹೋಗಬಹುದು. ಬೇಲಿ ದಾಟುವ ಈ ಗುಣ ಕನ್ನಡದ ‘ತಾನು’ವಿನ ದೊಡ್ಡ ವಿಶೇಷ. ಎಸ್.ಎನ್. ಶ್ರೀಧರ್, ಆರ್. ಅಮೃತವಲ್ಲಿ, ಜೆಫ್ರಿ ಲಿಡ್ಜ್ ಇವರಂಥ ಭಾಷಾವಿಜ್ಞಾನಿಗಳು ಇದರ ಬೆನ್ನು ಹತ್ತಿ ಬರೆದಿದ್ದಾರೆ.

ಹಾಗಾದರೆ ಯಾವಾಗ ಒಳಗೆ ನಿಲ್ಲುತ್ತದೆ, ಯಾವಾಗ ಹೊರಗೆ ಹೋಗುತ್ತದೆ? ‘ತನ್ನ’ವನ್ನು ಬಿಟ್ಟು ‘ತನ್ನನ್ನು’ ಹಿಡಿದರೆ ಉತ್ತರ ಚೆನ್ನಾಗಿ ಕಾಣುತ್ತದೆ. ಈ ಎರಡು ಸಾಲನ್ನು ಗಟ್ಟಿಯಾಗಿ ಓದಿ ನೋಡಿ.

ರಾಜು, ಮಣಿ ತನ್ನನ್ನು ಹೊಗಳಿದ ಎಂದು ಹೇಳಿದ.

ರಾಜು, ಮಣಿ ತನ್ನನ್ನು ಹೊಗಳಿಕೊಂಡ ಎಂದು ಹೇಳಿದ.

ಮೊದಲನೆಯದರಲ್ಲಿ ಹೊಗಳಿಸಿಕೊಂಡವನು ರಾಜು. ಎರಡನೆಯದರಲ್ಲಿ ಮಣಿ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಾನೆ. ಎರಡೂ ಸಾಲಲ್ಲಿ ‘ತನ್ನನ್ನು’ ಒಂದೇ, ಜಾಗ ಒಂದೇ, ಹೆಸರುಗಳೂ ಒಂದೇ. ಬದಲಾದದ್ದು ‘ಹೊಗಳಿದ’ ಎನ್ನುವುದು ‘ಹೊಗಳಿಕೊಂಡ’ ಆದದ್ದು ಮಾತ್ರ.

ಇದರ ಹಿಂದಿನ ಲೆಕ್ಕ ಹೀಗಿದೆ. ‘ಹೊಗಳಿದ’, ‘ಹೊಡೆದ’, ‘ತಳ್ಳಿದ’ ಇಂಥ ಬರಿಯ ಕ್ರಿಯಾಪದ ಕೇಳಿದ ತಕ್ಷಣ ನಮ್ಮ ಕಿವಿಗೆ ಮಾಡಿದವನು ಒಬ್ಬ, ಮಾಡಿಸಿಕೊಂಡವನು ಇನ್ನೊಬ್ಬ ಎಂದೇ ಕೇಳುತ್ತದೆ. ಇಬ್ಬರೂ ಒಬ್ಬನೇ ಆಗಿದ್ದರೆ ಆ ಸುದ್ದಿಯನ್ನು ಕ್ರಿಯಾಪದವೇ ಹೇಳಬೇಕು. ಹೇಳುವ ರೀತಿ ‘ಕೊಳ್ಳು’ ಸೇರಿಸುವುದು. ‘ಮಣಿ ತನ್ನನ್ನು ಹೊಗಳಿದ’ ಎಂದು ಅಷ್ಟನ್ನೇ ಬರೆದು ನಿಲ್ಲಿಸಿ ನೋಡಿ. ಏನೋ ಅರ್ಧಕ್ಕೆ ನಿಂತ ಹಾಗೆ ಅನಿಸುತ್ತದೆ. ‘ಯಾರನ್ನು?’ ಎಂದು ಕೇಳುವ ಹಾಗಾಗುತ್ತದೆ. ‘ತನ್ನನ್ನು’ ತನ್ನ ಯಜಮಾನನನ್ನು ಆ ಸಣ್ಣ ವಾಕ್ಯದೊಳಗೆ ಕಾಣದೆ ಹೊರಗೆ ನೋಡುತ್ತಾ ನಿಂತಿದೆ. ಹೊರಗೆ ‘ಎಂದು ರಾಜು ಹೇಳಿದ’ ಎಂದು ಸೇರಿಸಿದ ಕೂಡಲೇ ಅದಕ್ಕೆ ನೆಲೆ ಸಿಕ್ಕಿತು. ಅದೇ ‘ಹೊಗಳಿಕೊಂಡ’ ಎಂದರೆ ಹೊರಗೆ ನೋಡುವ ಅಗತ್ಯವೇ ಇಲ್ಲ, ಮನೆಯೊಳಗೇ ಯಜಮಾನ ಸಿಕ್ಕ.

‘ಕೊಳ್ಳು’ ಇಲ್ಲದೆ ಒಳಗೇ ನಿಲ್ಲಿಸಬೇಕಾದರೆ ‘ತಾನು’ವನ್ನು ಎರಡು ಸಲ ಹೇಳಬೇಕು: ‘ಮಣಿ ತನ್ನನ್ನು ತಾನೇ ಹೊಗಳಿದ.’ ‘ತನ್ನನ್ನು ತಾನೇ ಹೊಗಳಿಕೊಂಡ’ ಎಂದು ಎರಡನ್ನೂ ಸೇರಿಸಿ ಹೇಳುವುದೇ ಜಾಸ್ತಿ. ಅದರಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ.

‘ಕೊಳ್ಳು’ ಎಂದರೆ ಮೂಲದಲ್ಲಿ ತೆಗೆದುಕೊಳ್ಳುವುದು, ಪಡೆಯುವುದು. ಅಂಗಡಿಯಲ್ಲಿ ಅಕ್ಕಿ ಕೊಂಡ ಎನ್ನುವಾಗ ಇರುವುದೂ ಅದೇ. ಮಾಡಿದ ಕೆಲಸದ ಫಲ ಮಾಡಿದವನ ಕಡೆಗೇ ಬಂತು ಎನ್ನುವುದು ಅದರ ಅರ್ಥ. ಇದಕ್ಕೆ ಎದುರು ನಿಂತ ಜೋಡಿ ಪದ ‘ಕೊಡು’. ಮಾಡಿದ್ದರ ಫಲ ಬೇರೆಯವರ ಕಡೆಗೆ ಹೋಯಿತು ಎನ್ನುತ್ತದೆ ಅದು. ಈಗ ಈ ಮೂರನ್ನು ಓದಿ.

ರಾಜು, ಮಣಿ ತನಗೆ ಚಹಾ ಮಾಡಿಕೊಂಡ ಎಂದ.

ರಾಜು, ಮಣಿ ತನಗೆ ಚಹಾ ಮಾಡಿಕೊಟ್ಟ ಎಂದ.

ರಾಜು, ಮಣಿ ತನಗೆ ಚಹಾ ಮಾಡಿದ ಎಂದ.

‘ಮಾಡಿಕೊಂಡ’ ಎಂದರೆ ಚಹಾ ಕುಡಿದದ್ದು ಮಣಿ. ‘ಮಾಡಿಕೊಟ್ಟ’ ಎಂದರೆ ರಾಜು. ‘ಮಾಡಿದ’ ಎಂದಷ್ಟೇ ಹೇಳಿದರೆ ರಾಜುವಿನ ಕಡೆ ವಾಲುತ್ತದೆ, ಆದರೆ ಪೂರ್ತಿ ಗಟ್ಟಿಯಲ್ಲ. ‘ಕೊಂಡ’ ಒಳಗೆ ಎಳೆಯುತ್ತದೆ, ‘ಕೊಟ್ಟ’ ಹೊರಗೆ ತಳ್ಳುತ್ತದೆ. ಇದನ್ನು ನಾವು ಯಾರೂ ಶಾಲೆಯಲ್ಲಿ ಕಲಿತಿಲ್ಲ. ಶಾಲೆಯ ವ್ಯಾಕರಣ ‘ತಾನು, ತಾವು ಆತ್ಮಾರ್ಥಕ ಸರ್ವನಾಮ’ ಎಂದು ಹೇಳಿ ಮುಂದಕ್ಕೆ ಹೋಗಿಬಿಡುತ್ತದೆ. ಆದರೂ ನಾಲ್ಕು ವರ್ಷದ ಮಗು ‘ಅಮ್ಮ, ಅಂಗಿ ಹಾಕ್ಕೊಡು’ ಮತ್ತು ‘ನಾನೇ ಹಾಕ್ಕೊತೀನಿ’ ಎನ್ನುವುದರಲ್ಲಿ ಒಂದು ದಿನವೂ ತಪ್ಪುವುದಿಲ್ಲ.

ಇನ್ನು ‘ತನ್ನ’. ಇಲ್ಲಿ ಮಾತು ಸ್ವಲ್ಪ ಸಡಿಲ. ‘ತನ್ನ ಕತ್ತಿ’ಯಲ್ಲಿ ಪೆಟ್ಟು ತಿನ್ನುವುದು, ಕಳೆದುಹೋಗುವುದು ಕತ್ತಿ, ಮನುಷ್ಯ ಅಲ್ಲ. ಮಾಡಿದವನೂ ಮಾಡಿಸಿಕೊಂಡವನೂ ಒಬ್ಬನೇ ಎಂಬ ಪ್ರಶ್ನೆ ಏಳುವುದೇ ಇಲ್ಲ. ಆದ್ದರಿಂದ ‘ಮಣಿ ತನ್ನ ಕತ್ತಿ ಮಸೆದ’ ಎಂದರೆ ‘ಕೊಳ್ಳು’ ಇಲ್ಲದೆಯೂ ಮಣಿಯದೇ ಕತ್ತಿ, ಏನೂ ಕೊರತೆ ಅನಿಸುವುದಿಲ್ಲ. ಹೊರಗಡೆ ರಾಜು ಬಂದು ನಿಂತಾಗ ಮಾತ್ರ ‘ತನ್ನ’ ಎರಡು ಕಡೆಗೂ ತೆರೆದುಕೊಳ್ಳುತ್ತದೆ. ನಿಮ್ಮ ವಾಕ್ಯ ಸಿಕ್ಕಿಬಿದ್ದದ್ದು ಇಲ್ಲೇ.

ಆದರೆ ಇಲ್ಲೂ ಕ್ರಿಯಾಪದ ಕೈ ಹಿಡಿಯುತ್ತದೆ. ನೀವು ‘ಕಳೆದು ಹಾಕಿದ’ ಎಂದು ಬರೆದಿರಿ. ‘ಹಾಕಿದ’ ಎನ್ನುವುದರಲ್ಲಿ ಅಜಾಗ್ರತೆಯಿಂದ ಎಸೆದ ಹಾಗೆ ಒಂದು ದೂರು ಇದೆ. ಆ ದೂರಿನ ಧ್ವನಿಯಿಂದ ರಾಜುವಿನ ಕಡೆ ಸ್ವಲ್ಪ ತೂಕ ಬಿತ್ತು, ಆದರೆ ಸಾಕಷ್ಟು ಬೀಳಲಿಲ್ಲ. ‘ಮಣಿ ತನ್ನ ಕತ್ತಿ ಕಳೆದುಕೊಂಡ ಎಂದು ರಾಜು ಹೇಳಿದ’ ಎಂದು ಬರೆದಿದ್ದರೆ ಕತ್ತಿ ಮಣಿಯದು ಎಂದು ಹತ್ತಕ್ಕೆ ಹತ್ತು ಜನ ಓದುತ್ತಿದ್ದರು. ಕಳೆದುಕೊಂಡವನಿಗೇ ನಷ್ಟ, ಅದಕ್ಕೇ ‘ಕೊಂಡ’. ಮಾರನೇ ದಿನ ಕತ್ತಿ ಕಾಫಿ ಗಿಡದ ಬುಡದಲ್ಲಿ ಸಿಕ್ಕಿತು ಅನ್ನೋಣ. ‘ರಾಜು, ಮಣಿ ತನ್ನ ಕತ್ತಿ ಹುಡುಕಿಕೊಟ್ಟ ಎಂದ’ ಎಂದರೆ ರಾಜುವಿನ ಕತ್ತಿ. ‘ಹುಡುಕಿಕೊಂಡ’ ಎಂದರೆ ಮಣಿಯ ಕತ್ತಿ. ಒಂದು ಅಕ್ಷರದ ವ್ಯತ್ಯಾಸಕ್ಕೆ ಕತ್ತಿಯ ಒಡೆಯ ಬದಲಾದ.

ಈ ‘ಕೊಂಡ’ವನ್ನು ಕಣ್ಣು ಮುಚ್ಚಿ ನಂಬಬೇಡಿ ಎಂದೂ ಹೇಳಬೇಕು. ‘ಕೊಳ್ಳು’ಗೆ ಬೇರೆ ಕೆಲಸಗಳೂ ಇವೆ. ಏಣಿಯಿಂದ ಬಿದ್ದವನ ಸುದ್ದಿ ಬರೆಯುತ್ತಾ ನೀವು ಹೀಗೆ ಹೇಳಬಹುದು:

ರಾಜು, ಮಣಿ ತನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಎಂದು ಹೇಳಿದ.

ಇಲ್ಲಿ ‘ಕೊಂಡು’ ಇದ್ದರೂ ಆಸ್ಪತ್ರೆಗೆ ಹೋದ ರೋಗಿ ರಾಜುವೇ. ಈ ‘ಕೊಂಡು’ ಜೊತೆಗೆ ಎಂಬ ಅರ್ಥದ್ದು, ‘ಹೊತ್ತುಕೊಂಡು’, ‘ಹಿಡಿದುಕೊಂಡು’ ಇದ್ದ ಹಾಗೆ. ಕೆಲಸವನ್ನು ಮಾಡಿದವನ ಕಡೆಗೆ ತಿರುಗಿಸುವ ‘ಕೊಂಡ’ ಇದಲ್ಲ. ಹಾಗೇ ‘ಬೈದುಕೊಂಡ’. ‘ರಾಜು, ಮಣಿ ತನ್ನನ್ನು ಬೈದುಕೊಂಡ ಎಂದ’ ಎಂದರೆ ಮಣಿ ತನ್ನನ್ನೇ ಹಳಿದುಕೊಂಡನೋ, ಅಥವಾ ರಾಜುವನ್ನು ಬಾಯೊಳಗೇ ಬೈಯುತ್ತಾ ಹೋದನೋ? ಎರಡೂ ಆಗುತ್ತದೆ. ‘ಬೈದುಕೊಂಡ’, ‘ಅಂದುಕೊಂಡ’, ‘ನಕ್ಕುಕೊಂಡ’ ಇವುಗಳಲ್ಲಿ ‘ಕೊಂಡ’ಗೆ ತನ್ನೊಳಗೆ, ಮನಸ್ಸಿನಲ್ಲಿ ಎಂಬ ಅರ್ಥ ಬಂದಿರುತ್ತದೆ. ಪರೀಕ್ಷೆ ಸುಲಭ. ‘ತನ್ನನ್ನು’ ಇರುವಲ್ಲಿ ಬೇರೆ ಹೆಸರು ಹಾಕಿ ನೋಡಿ. ‘ಮಣಿ ರಾಜುವನ್ನು ಕರೆದುಕೊಂಡು ಹೋದ’, ‘ಮಣಿ ರಾಜುವನ್ನು ಬೈದುಕೊಂಡ’ ಇವು ಸಹಜವಾಗಿ ಕೇಳುತ್ತವೆ. ಆದ್ದರಿಂದ ಅಲ್ಲಿ ‘ತನ್ನನ್ನು’ ಹೊರಗೆ ಹೋಗಬಲ್ಲದು. ‘ಮಣಿ ರಾಜುವನ್ನು ಹೊಗಳಿಕೊಂಡ’ ಕಿವಿಗೆ ಒಗ್ಗುವುದಿಲ್ಲ. ಆದ್ದರಿಂದ ಅಲ್ಲಿ ‘ತನ್ನನ್ನು’ ಮಣಿಯ ಹತ್ತಿರವೇ ಉಳಿಯುತ್ತದೆ.

ತೋಟದ ವರದಿಯಲ್ಲಿ ಕತ್ತಿಗಿಂತ ಮುಖ್ಯವಾದ ಸಂಗತಿ ಅಪಘಾತ. ಯಾರು ಬಿದ್ದದ್ದು ಎಂಬುದು ತಪ್ಪಾದರೆ ಚಿಕಿತ್ಸೆಯ ಖರ್ಚು, ರಜೆ, ಕೂಲಿ ಎಲ್ಲ ತಪ್ಪುತ್ತದೆ. ಅದಕ್ಕೆ ‘ತಾನು’ ಎಂಬ ರೂಪವನ್ನೂ ಸ್ವಲ್ಪ ನೋಡೋಣ. ಈ ಎರಡು ಸಾಲು ಓದಿ.

ರಾಜು, ತಾನು ಏಣಿಯಿಂದ ಬಿದ್ದೆ ಎಂದು ಮಣಿ ಹೇಳಿದ ಎಂದು ತಿಳಿಸಿದ.

ರಾಜು, ತಾನು ಏಣಿಯಿಂದ ಬಿದ್ದದ್ದನ್ನು ಮಣಿ ನೋಡಿದ ಎಂದು ತಿಳಿಸಿದ.

ಮೊದಲನೆಯದರಲ್ಲಿ ಬಿದ್ದವನು ಮಣಿ. ಎರಡನೆಯದರಲ್ಲಿ ಬಿದ್ದವನು ರಾಜು. ಮೊದಲ ಸಾಲಿನ ‘ಬಿದ್ದೆ’ ನೋಡಿ. ‘ತಾನು’ ಮೂರನೆಯವರ ಪದ, ಆದರೆ ಕ್ರಿಯಾಪದ ‘ನಾನು ಬಿದ್ದೆ’ ಎನ್ನುವಾಗಿನದು. ‘ತಾನು ಬಿದ್ದ’ ಎಂದು ಬರೆದರೆ ಇಲ್ಲಿ ಒಗ್ಗುವುದಿಲ್ಲ. ಹೇಳಿದವನ ಬಾಯಿಂದ ಬಂದ ‘ನಾನು ಬಿದ್ದೆ’ ಎಂಬ ಮಾತಿನಲ್ಲಿ ‘ನಾನು’ ಮಾತ್ರ ‘ತಾನು’ ಆಗಿದೆ, ಬಾಲ ಹಾಗೇ ಉಳಿದಿದೆ. ಆ ಬಾಲ ‘ತಾನು’ವನ್ನು ತನ್ನ ಹತ್ತಿರದ ‘ಎಂದು ಹೇಳಿದ’ವನಿಗೆ ಕಟ್ಟಿಹಾಕುತ್ತದೆ. ಹತ್ತಿರದಲ್ಲಿ ಹೇಳಿದವನು ಮಣಿ. ಆದ್ದರಿಂದ ಅದು ದಾಟಿ ರಾಜುವಿನ ತನಕ ಹೋಗಲಾರದು. ಎರಡನೆಯ ಸಾಲಿನ ‘ಬಿದ್ದದ್ದನ್ನು’ ಎಂಬುದರಲ್ಲಿ ಆ ಬಾಲವೇ ಇಲ್ಲ. ಮಣಿ ಅಲ್ಲಿ ಮಾತಾಡಿದವನೂ ಅಲ್ಲ, ಸುಮ್ನೆ ನೋಡಿದವನು. ಹಾಗಾಗಿ ‘ತಾನು’ ಸಲೀಸಾಗಿ ರಾಜುವಿನ ಕಡೆ ಹೋಯಿತು.

ಆಡುಮಾತಿನಲ್ಲಿ ನಾವು ‘ತಾನು’ವನ್ನೂ ಬಿಟ್ಟು ‘ರಾಜು ನಾನು ಬಿದ್ದೆ ಅಂದ’ ಎನ್ನುತ್ತೇವೆ. ಹೇಳುವಾಗ ದನಿಯಲ್ಲಿ ಅರ್ಥ ತಿಳಿಯುತ್ತದೆ. ಆದರೆ ಅದನ್ನು ಹಾಗೇ ವರದಿಯಲ್ಲಿ ಬರೆದರೆ ಓದುವವರಿಗೆ ಬಿದ್ದದ್ದು ರಾಜುವೋ ರೈಟರೋ ಎಂದು ಒಂದು ಕ್ಷಣ ಗಾಬರಿಯಾಗುತ್ತದೆ. ಬರೆಯುವಾಗ ‘ತಾನು ಬಿದ್ದೆ ಎಂದು ರಾಜು ಹೇಳಿದ’ ಅಥವಾ ‘ತಾನು ಬಿದ್ದುದಾಗಿ ರಾಜು ಹೇಳಿದ’ ಎಂದೇ ಬರೆಯಿರಿ.

ಗೌರವದ ‘ತಮ್ಮ’ ಇನ್ನೊಂದು ಸಹಾಯ ಮಾಡುತ್ತದೆ. ‘ಧಣಿಗಳು, ಮಣಿ ತಮ್ಮ ಕೊಡೆ ತೆಗೆದುಕೊಂಡು ಹೋದ ಎಂದರು’ ಎಂದು ಬರೆದರೆ ಕೊಡೆ ಧಣಿಗಳದು. ಮಣಿಗೆ ‘ಹೋದ’ ಎಂದು ಏಕವಚನ ಹಾಕಿರುವಾಗ ‘ತಮ್ಮ’ ಅವನನ್ನು ತೋರಿಸಲಾರದು. ಅದೇ ‘ಮಣಿ ತನ್ನ ಕೊಡೆ’ ಎಂದರೆ ಮಣಿಯದೇ, ಧಣಿಗಳನ್ನು ‘ತನ್ನ’ ತೋರಿಸಲಾರದು. ಮರ್ಯಾದೆಯ ಅಂತರವೇ ಅರ್ಥವನ್ನು ಬಿಡಿಸಿತು. ಆದರೆ ಇಬ್ಬರೂ ದೊಡ್ಡವರಾದರೆ ಮತ್ತೆ ಹಳೆಯ ತೊಡಕೇ. ‘ಮೇಷ್ಟ್ರು, ಡಾಕ್ಟರು ತಮ್ಮ ಜೀಪಿನಲ್ಲಿ ಬಂದರು ಎಂದು ಹೇಳಿದರು’ ಎಂದರೆ ಜೀಪು ಇಬ್ಬರಲ್ಲಿ ಯಾರದೂ ಆಗಬಹುದು. ಕಾಗದದಲ್ಲಿ ಆದರೆ ‘ತಮ್ಮ’ ಎಂದರೆ ಓದುತ್ತಿರುವ ನಿಮ್ಮದೇ ಎಂದೂ ಆಗಬಹುದು. ಅಲ್ಲಿ ಹೆಸರು ಹೇಳುವುದೇ ಉತ್ತಮ.

ನಿಮ್ಮ ತೋಟದಲ್ಲಿ ಕನ್ನಡ ಮನೆಮಾತಲ್ಲದವರೂ ಇರುತ್ತಾರೆ ಎಂದು ಒಂದು ಮಾತು ಸೇರಿಸುತ್ತೇನೆ. ಕೊಡವ ತಕ್ಕ್, ತುಳು, ತಮಿಳು, ಮಲಯಾಳ ಎಲ್ಲದರಲ್ಲೂ ಇದೇ ಬೇರಿನ ಪದ ಇದೆ. ಆದರೆ ಬಳಕೆ ಅಲ್ಲಲ್ಲಿ ಬೇರೆ ದಾರಿ ಹಿಡಿದಿದೆ. ಮಲಯಾಳದಲ್ಲಿ ಸಲಿಗೆಯವರನ್ನು ಎದುರಿಗೇ ‘ತಾನ್’ ಎಂದು ಕರೆಯುತ್ತಾರೆ, ಅಂದರೆ ‘ನೀನು’. ತೆಲುಗಿನ ಆಡುಮಾತಿನಲ್ಲಿ ‘ತನು’ ಎಂದರೆ ಎಷ್ಟೋ ಸಲ ಬರಿಯ ‘ಅವನು’ ಅಥವಾ ‘ಅವಳು’. ಅಂಥವರು ಹೇಳಿದ್ದನ್ನು ಕನ್ನಡಕ್ಕೆ ಇಳಿಸುವಾಗ ಅವರ ಬಾಯಲ್ಲಿ ಬಂದ ‘ತಾನ್’ ಕಂಡಲ್ಲೆಲ್ಲ ‘ತಾನು’ ಬರೆಯಬೇಡಿ. ಯಾರು ಎಂದು ಒಮ್ಮೆ ಕೇಳಿ ಬರೆಯಿರಿ.

ಇನ್ನು ನಿಮ್ಮ ಸಾಲನ್ನು ರಿಪೇರಿ ಮಾಡೋಣ. ಮೊದಲು ಮನಸ್ಸಿಗೆ ಬರುವ ದಾರಿ ‘ತನ್ನ’ ತೆಗೆದು ‘ಅವನ’ ಹಾಕುವುದು. ‘ರಾಜು, ಮಣಿ ಅವನ ಕತ್ತಿ ಕಳೆದು ಹಾಕಿದ ಎಂದು ಹೇಳಿದ.’ ಇದು ಗುಣವಾಗಲಿಲ್ಲ. ಈಗ ಕತ್ತಿ ರಾಜುವಿನದೂ ಆಗಬಹುದು, ಮೂರನೆಯ ಒಬ್ಬ ಚೋಮನದೂ ಆಗಬಹುದು. ಎರಡನೆಯ ದಾರಿ ಹೆಸರನ್ನೇ ಮತ್ತೆ ಹೇಳುವುದು: ‘ರಾಜು, ಮಣಿ ರಾಜುವಿನ ಕತ್ತಿ ಕಳೆದು ಹಾಕಿದ ಎಂದು ಹೇಳಿದ.’ ಇದನ್ನು ಓದಿದರೆ ತೋಟದಲ್ಲಿ ಇಬ್ಬರು ರಾಜು ಇದ್ದಾರೆ ಎಂದು ಅನಿಸುತ್ತದೆ. ಕನ್ನಡದಲ್ಲಿ ‘ತನ್ನ’ ಬರಬಹುದಾದ ಜಾಗದಲ್ಲಿ ಹೆಸರು ಬಂದರೆ ಕಿವಿ ಕೂಡಲೇ ಬೇರೆ ಮನುಷ್ಯನನ್ನು ಹುಡುಕುತ್ತದೆ.

ಮೂರನೆಯದು ಪದದ ಜಾಗ ಬದಲಿಸುವುದು. ಒಂದೇ ಕರ್ತೃ ಇದ್ದಾಗ ಜಾಗಕ್ಕೆ ಬೆಲೆ ಇಲ್ಲ ಎಂದು ಮೊದಲೇ ನೋಡಿದೆವು. ಆದರೆ ಇಬ್ಬರು ಕರ್ತೃಗಳಿದ್ದಾಗ ಜಾಗ ಓದುವವರ ಒಲವನ್ನು ಸ್ವಲ್ಪ ತಿರುಗಿಸುತ್ತದೆ.

ಮಣಿ ತನ್ನ ಕತ್ತಿಯನ್ನು ಕಳೆದು ಹಾಕಿದ ಎಂದು ರಾಜು ಹೇಳಿದ.

ತನ್ನ ಕತ್ತಿಯನ್ನು ಮಣಿ ಕಳೆದು ಹಾಕಿದ ಎಂದು ರಾಜು ಹೇಳಿದ.

ಮೊದಲನೆಯದರಲ್ಲಿ ಕಣ್ಣಿಗೆ ಮೊದಲು ಬಿದ್ದ ಕರ್ತೃ ಮಣಿ, ‘ತನ್ನ’ ಬಂದ ಕೂಡಲೇ ಅವನಿಗೆ ಅಂಟಿಕೊಂಡಿತು. ರಾಜು ಬರುವ ಹೊತ್ತಿಗೆ ತಡವಾಯಿತು. ಎರಡನೆಯದರಲ್ಲಿ ‘ತನ್ನ’ ಮಣಿಗಿಂತ ಮುಂದೆ ಹೋಗಿ ನಿಂತಿದೆ. ಮಣಿ ಬಂದಾಗಲೂ ಅದು ಅವನಿಗೆ ಪೂರ್ತಿ ಒಲಿಯುವುದಿಲ್ಲ, ಕೊನೆಯ ರಾಜುವಿಗಾಗಿ ಕಾಯುತ್ತದೆ. ಎರಡನೆಯದನ್ನು ಹೆಚ್ಚಿನವರು ರಾಜುವಿನ ಕತ್ತಿ ಎಂದೇ ಓದುತ್ತಾರೆ. ಆದರೆ ಇದು ಒಲವು ಮಾತ್ರ, ಕಟ್ಟುನಿಟ್ಟಿನ ನಿಯಮ ಅಲ್ಲ. ಕತೆ ಬರೆಯುವಾಗ ಇಷ್ಟು ಸಾಕು. ದುಡ್ಡು, ಕೂಲಿ, ಸಾಮಾನಿನ ಲೆಕ್ಕ ಇರುವಲ್ಲಿ ಸಾಲದು.

ನಾಲ್ಕನೆಯದು ನನಗೆ ಹಿಡಿಸಿದ್ದು. ‘ತನ್ನ’ ಇಟ್ಟುಕೊಂಡೇ ಒಳಗಿನ ವಾಕ್ಯಕ್ಕೆ ಹೊರಗೆ ತಳ್ಳುವ ಮಾತು ಸೇರಿಸುವುದು. ನೀವು ಹೇಳಬೇಕಾದ ನಿಜ ಸಂಗತಿ ಏನು? ಮಣಿಯ ಕೈಗೆ ರಾಜುವಿನ ಕತ್ತಿ ಹೇಗೆ ಬಂತು? ಎರವಲು ತೆಗೆದುಕೊಂಡಿರಬೇಕು. ಅದನ್ನು ಹೇಳಿಬಿಟ್ಟರೆ ಒಡೆಯ ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಎರವಲು ತಂದದ್ದು ಯಾವತ್ತೂ ಬೇರೆಯವರದೇ, ಅಲ್ವಾ? ಒಂದು ಉದ್ದ ಸಾಲಿನ ಬದಲು ಎರಡು ಸಣ್ಣ ಸಾಲು ಮಾಡಿದರೆ ಇನ್ನೂ ಹಗುರ. ಆ ದಿನದ ವರದಿಯನ್ನು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಮರಗಸಿ ನಡೆಯುತ್ತಿದೆ. ರಾಜು ತನ್ನ ಕತ್ತಿಯನ್ನು ಮಣಿಗೆ ಎರವಲು ಕೊಟ್ಟಿದ್ದ. ಮಣಿ ಅದನ್ನು ಕಳೆದು ಹಾಕಿದ್ದಾನೆ ಎಂದು ರಾಜು ಹೇಳಿದ. ಈಗ ರಾಜುವಿನ ಹತ್ತಿರ ಕತ್ತಿ ಇಲ್ಲ.’